ಕೈಯಿಂದಲಾ, ಕಾಲಿಂದಲಾ?

ನಮ್ಮ ಕಡೆ ಯಾರಾದ್ರೂ ಮೈಸೂರಿಂದ ಆಂಜಿಯೋಗ್ರಾಂ ಮಾಡಿಸ್ಕೊಂಡು ಬಂದ್ರೆ ನೋಡ್ಲಿಕ್ಕೆ ಬರುವವರು ಮೊದಲು ಕೇಳುವುದು ಎಷ್ಟು ಬ್ಲಾಕ್ ಇತ್ತು ಅಂತ. ಎರಡನೇದು, ಎಷ್ಟು ಖರ್ಚಾಯ್ತು ಅಂತ. ಈಗ ಮೂರನೇದೊಂದು ಪ್ರಶ್ನೆ ಸೇರಿದೆ. "ಕೈಲಿ ಮಾಡ್ದೊನಾ, ಕಾಲ್ಲಿ ಮಾಡ್ದೊನಾ?" ನಮ್ಮವರಿಗೆ ಹೋದ ತಿಂಗಳು ಒಂದು ಸ್ಟೆಂಟ್ ಹಾಕಿದ ಮೇಲೆ ನಾನು ಈ ಪ್ರಶ್ನೆಗೆ ಇಪ್ಪತ್ತು ಸಲವಾದರೂ ಉತ್ತರ ಕೊಟ್ಟಿದ್ದೇನೆ. ಕೈ ಅಂದ ಕೂಡಲೇ "ಹಂಗಾರೆ ಸಣ್ಣದು ಬಿಡಿ" ಅಂತಾರೆ. ಕಾಲು ಅಂದ್ರೆ ದೊಡ್ಡ ಕಾಯಿಲೆ ಅಂತ ಲೆಕ್ಕ. ಅದು ಹಾಗಲ್ಲ. ಎರಡೂ ಕಡೆಯಿಂದ ಹೋಗುವುದು ಅದೇ ಹೃದಯಕ್ಕೆ, ಹಾಕುವುದು ಅದೇ ಸ್ಟೆಂಟ್. ಬೇರೆ ಇರುವುದು ಬಾಗಿಲು ಮಾತ್ರ. ಆದ್ರೆ ಆ ಬಾಗಿಲಿನಿಂದಾಗಿ ಮನೆಯವರಾದ ನಮಗೆ ಮುಂದಿನ ಒಂದು ದಿನ, ಒಂದು ವಾರ ತುಂಬಾ ಬೇರೆಯಾಗ್ತದೆ. ಅದನ್ನೇ ಇಲ್ಲಿ ಬರೀತೇನೆ. ನನ್ನ ತಂಗಿ ಮಗಳು ಕ್ಯಾಥ್ ಲ್ಯಾಬಿನಲ್ಲಿ ನರ್ಸ್. ಡಾಕ್ಟರು ಅರ್ಜೆಂಟಲ್ಲಿ ಹೇಳಿದ್ದನ್ನು ಅವಳ ಹತ್ತಿರ ನಿಧಾನಕ್ಕೆ ಕೂತು ಕೇಳ್ಕೊಂಡಿದ್ದೇನೆ.

ಮೊದಲು ಹಳೇದೊಂದು ಹೇಳ್ಬೇಕು. 2009ರಲ್ಲಿ ನಮ್ಮ ಬಾವನಿಗೆ, ಅಂದ್ರೆ ನಮ್ಮವರ ಅಣ್ಣನಿಗೆ, ತೊಡೆಸಂದಿನಿಂದ ಆಂಜಿಯೋಪ್ಲಾಸ್ಟಿ ಆಯ್ತು. ಆಗ ಹೆಚ್ಚಿನವರಿಗೆ ಹಾಗೇ. ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯಿತು, ಆದ್ರೆ ಕಾಲಿನ ಒಳಗೆ ಹಾಕಿದ ಕೊಳವೆಯನ್ನು ತೆಗೆದದ್ದು ಸಂಜೆ ಐದಕ್ಕೆ. ಸ್ಟೆಂಟ್ ಹಾಕುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಅಂತ ಔಷಧಿ ಕೊಡ್ತಾರೆ. ಅದರ ಜೋರು ಇಳಿಯದೆ ಕೊಳವೆ ಎಳೆದ್ರೆ ರಕ್ತ ನಿಲ್ಲುವುದಿಲ್ಲ. ಹಾಗೆ ಐದು ಗಂಟೆ ಕಾಲು ಮಡಚದೆ ಮಲಗಬೇಕು. ಕೊಳವೆ ತೆಗೆದ ಮೇಲೆ ಒಬ್ಬ ಹುಡುಗ ಇಪ್ಪತ್ತು ನಿಮಿಷ ಎರಡೂ ಕೈಯಿಂದ ಒತ್ತಿ ಹಿಡಿದ. ಮತ್ತೆ ಅದರ ಮೇಲೆ ಮರಳಿನ ಚೀಲ. ಮತ್ತೆ ಬೆಳಗಿನ ತನಕ ಅಂಗಾತ. ತಲೆ ಎತ್ತುವ ಹಾಗಿಲ್ಲ, ಯಾಕಂದ್ರೆ ತಲೆ ಎತ್ತಿದ್ರೆ ಹೊಟ್ಟೆಯ ಸ್ನಾಯು ಬಿಗಿಯಾಗಿ ಗಾಯದ ಮೇಲೆ ಒತ್ತಡ ಬೀಳ್ತದೆ. ಗಂಜಿಯನ್ನು ಅಕ್ಕ ಚಮಚದಲ್ಲಿ ಕುಡಿಸಿದರು. ಮೂತ್ರಕ್ಕೂ ಮಲಗಿದಲ್ಲೇ ಪಾತ್ರೆ. ಬಾವನಿಗೆ ಎದೆಗಿಂತ ಹೆಚ್ಚು ಸಂಕಟ ಆದದ್ದು ಅದರಿಂದಲೇ.

ರಾತ್ರಿ ಎರಡು ಗಂಟೆಗೆ ಬಾವ ಬೆನ್ನು ನೋವು ಅಂದರು. ಬಲಗಡೆ, ಸೊಂಟದ ಮೇಲೆ. ಅಷ್ಟು ಹೊತ್ತು ಮಲಗಿದ್ರೆ ಯಾರಿಗೂ ಬೆನ್ನು ನೋಯ್ತದೆ ಅಂತ ಅಕ್ಕ ಸೊಂಟದ ಕೆಳಗೆ ಬಟ್ಟೆ ಇಟ್ಟರು. ಅರ್ಧ ಗಂಟೆಯಲ್ಲಿ ಹಣೆ ಬೆವತು ಮುಖ ಬಿಳಚಿಕೊಂಡಿತು. ತೊಡೆಯ ಬ್ಯಾಂಡೇಜಿನಲ್ಲಿ ಒಂದು ಹನಿ ರಕ್ತ ಇಲ್ಲ! ನರ್ಸ್ ಬಂದು ಬಿ.ಪಿ. ನೋಡಿದಾಗ ತುಂಬಾ ಇಳಿದಿತ್ತು. ಸ್ಕ್ಯಾನ್ ಮಾಡಿದ್ರೆ ರಕ್ತ ಹೊರಗೆ ಬರದೆ ಒಳಗೆ, ಹೊಟ್ಟೆಯ ಹಿಂದೆ, ಬೆನ್ನಿನ ಕಡೆ ಸೋರಿ ತುಂಬಿಕೊಂಡಿತ್ತು. ಎರಡು ಬಾಟಲಿ ರಕ್ತ ಕೊಟ್ಟರು. ಐದು ದಿನ ಹೆಚ್ಚು ಇರಬೇಕಾಯ್ತು. ಬಾವ ಹುಷಾರಾದರು, ಈಗಲೂ ಗಟ್ಟಿಯಾಗಿದ್ದಾರೆ. ಆದ್ರೆ ಹೃದಯದ ಕೆಲಸ ಚೆನ್ನಾಗಿ ಆಗಿಯೂ ಬಾಗಿಲಿನಿಂದ ಅಪಾಯ ಬರ್ತದೆ ಅಂತ ನಮ್ಮ ಮನೆಗೆ ಗೊತ್ತಾದದ್ದು ಆ ರಾತ್ರಿ.

ಇದು ಯಾಕೆ ಹೀಗೆ ಅಂತ ತಂಗಿ ಮಗಳು ಹೇಳಿದ್ದು ನನಗೆ ತುಂಬಾ ಸರಿ ಕಂಡಿತು. ತೋಟಕ್ಕೆ ನೀರು ಬಿಡುವ ಪೈಪ್ ಒಡೆದ್ರೆ ಏನು ಮಾಡ್ತೇವೆ? ಅದು ಕಲ್ಲಿನ ಮೇಲೆ ಇದ್ರೆ ಹೆಬ್ಬೆರಳಲ್ಲಿ ಒತ್ತಿದ್ರೆ ಸಾಕು, ನೀರು ನಿಲ್ತದೆ. ಅದೇ ಪೈಪ್ ಕೆಸರಿನ ಒಳಗೆ ಹೂತಿದ್ರೆ ಎಷ್ಟು ಒತ್ತಿದ್ರೂ ಜಾರ್ತದೆ, ನೀರು ಎಲ್ಲಿ ಹೋಗ್ತದೆ ಅಂತ ಕಾಣುವುದೂ ಇಲ್ಲ. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕೆಳಗೆ ನಾವು ನಾಡಿ ನೋಡುವ ರಕ್ತನಾಳ ಇದೆಯಲ್ಲ, ಅದು ಚರ್ಮದ ಕೆಳಗೇ ಮೂಳೆಯ ಮೇಲೆ ಮಲಗಿದೆ. ಒತ್ತಿದ್ರೆ ನಿಲ್ತದೆ, ಸೋರಿದ್ರೆ ಕಣ್ಣಿಗೆ ಕಾಣ್ತದೆ. ತೊಡೆಸಂದಿನ ರಕ್ತನಾಳ ಅದಕ್ಕಿಂತ ತುಂಬಾ ದಪ್ಪ, ಆಳದಲ್ಲಿದೆ, ಮೈ ದಪ್ಪ ಇದ್ದವರಲ್ಲಿ ಇನ್ನೂ ಆಳ. ಸೂಜಿ ಚುಚ್ಚಿದ ಜಾಗ ಸ್ವಲ್ಪ ಮೇಲಾದ್ರೂ ರಕ್ತಕ್ಕೆ ಹೊಟ್ಟೆಯ ಹಿಂದೆ ದಾರಿ ಸಿಗ್ತದೆ. ಅಲ್ಲಿ ಬೇಕಾದಷ್ಟು ಜಾಗ, ಹೊರಗೆ ಏನೂ ಕಾಣುವುದಿಲ್ಲ.

ಮತ್ತೊಂದು ವಿಷಯ. ಕೈಗೆ ಎರಡು ದೊಡ್ಡ ರಕ್ತನಾಳ ಇದೆ, ಒಂದು ಹೆಬ್ಬೆರಳಿನ ಕಡೆ, ಇನ್ನೊಂದು ಕಿರುಬೆರಳಿನ ಕಡೆ. ಎರಡೂ ಅಂಗೈಯಲ್ಲಿ ಬಳೆಯ ಹಾಗೆ ಸೇರಿಕೊಂಡಿವೆ. ಒಂದು ಮುಚ್ಚಿ ಹೋದ್ರೂ ಇನ್ನೊಂದು ಸಾಮಾನ್ಯವಾಗಿ ಕೈಯನ್ನು ಸಾಕ್ತದೆ. ಕಾಲಿಗೆ ಆ ಅನುಕೂಲ ಕಡಿಮೆ.

ಇದು ಹೊಸ ವಿದ್ಯೆ ಅಂತ ಹೆದರುವವರಿಗೆ ಹೇಳ್ತೇನೆ. ಮಣಿಕಟ್ಟಿನಿಂದ ಹೃದಯದ ಆಂಜಿಯೋಗ್ರಾಂ ಮಾಡಿ ತೋರಿಸಿದ್ದು ಕೆನಡಾದ ಮಾಂಟ್ರಿಯಲ್‌ನ ಡಾ. ಲೂಸಿಯನ್ ಕಾಂಪೋ, 1989ರಲ್ಲೇ ಅದನ್ನು ಬರೆದರು. 1992ರಲ್ಲಿ ಆಮ್ಸ್ಟರ್‌ಡ್ಯಾಮಿನ ಡಾ. ಫರ್ಡಿನಾಂಡ್ ಕೀಮನೈ ಅದೇ ದಾರಿಯಲ್ಲಿ ಆಂಜಿಯೋಪ್ಲಾಸ್ಟಿ ಶುರು ಮಾಡಿದರು. ನಮ್ಮ ದೇಶದಲ್ಲಿ ಇದನ್ನು ಬೆಳೆಸಿ ಬೇರೆ ಡಾಕ್ಟರುಗಳಿಗೆ ಕಲಿಸಿದವರಲ್ಲಿ ಅಹಮದಾಬಾದಿನ ಡಾ. ತೇಜಸ್ ಪಟೇಲ್ ಹೆಸರು ದೊಡ್ಡದು. ಎರಡು ದಾರಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ ದೊಡ್ಡ ಪರೀಕ್ಷೆ 2011ರಲ್ಲಿ ಹೊರಬಂತು, ರೈವಲ್ ಅಂತ ಹೆಸರು. ಹಾರ್ಟ್ ಅಟ್ಯಾಕ್ ಅಥವಾ ಅದರ ಹತ್ತಿರದ ತೊಂದರೆಯಿಂದ ಬಂದ ಏಳು ಸಾವಿರ ಜನರನ್ನು ಸೇರಿಸಿ ಮಾಡಿದ್ದು. ತೂತು ಮಾಡಿದ ಜಾಗದಲ್ಲಿ ದೊಡ್ಡ ತೊಂದರೆ ಆದದ್ದು ಕೈಯವರಲ್ಲಿ ಸಾವಿರಕ್ಕೆ 14 ಜನರಿಗೆ, ಕಾಲಿನವರಲ್ಲಿ ಸಾವಿರಕ್ಕೆ 37 ಜನರಿಗೆ. ಆದ್ರೆ ಕೈಯಿಂದ ಶುರು ಮಾಡಿ ಆಗದೆ ಕಾಲಿಗೆ ಹೋಗಬೇಕಾದದ್ದು ಸಾವಿರಕ್ಕೆ 76 ಜನರಿಗೆ. ಈ ಕಡೇ ಲೆಕ್ಕ ನೆನಪಿಡಿ, ನಮ್ಮ ನಾದಿನಿಯ ಕತೆಗೆ ಬೇಕಾಗ್ತದೆ.

ಈಗ ನಮ್ಮವರ ವಿಷಯ. ಅವರಿಗೆ 61. ಏರು ಹತ್ತುವಾಗ ಎದೆ ಹಿಡಿದ ಹಾಗೆ ಆಗ್ತಿತ್ತು. ಮೈಸೂರಿನಲ್ಲಿ ಬೆಳಿಗ್ಗೆ ಹತ್ತೂವರೆಗೆ ಒಳಗೆ ಕರ್ಕೊಂಡು ಹೋದರು. ಬಲಗೈಯನ್ನು ಚಾಚಿಸಿ, ಮಣಿಕಟ್ಟಿಗೆ ಮರಗಟ್ಟುವ ಸಣ್ಣ ಇಂಜೆಕ್ಷನ್. ಅದೊಂದು ಚುರುಕ್ ಅಂದದ್ದು ಬಿಟ್ರೆ ನೋವಿಲ್ಲ ಅಂದರು. ಮತ್ತೆ ಸೂಜಿ, ಸೂಜಿಯೊಳಗೆ ಕೂದಲಿನಂಥ ತಂತಿ, ತಂತಿಯ ಮೇಲೆ ಒಂದು ಸಣ್ಣ ಕೊಳವೆ. ಆ ಕೊಳವೆಯ ಒಳಗಿನ ಅಗಲ ಹೆಚ್ಚು ಕಡಿಮೆ ಎರಡು ಮಿಲಿಮೀಟರ್. ಕೈಯ ರಕ್ತನಾಳದ ಅಗಲವೂ ಹೆಚ್ಚಿನವರಲ್ಲಿ ಎರಡರಿಂದ ಮೂರು ಮಿಲಿಮೀಟರ್ ಮಾತ್ರ. ಸಣ್ಣ ಬಳೆಯನ್ನು ದೊಡ್ಡ ಕೈಗೆ ಹಾಕುವ ಹಾಗೆ, ಜಾಗ ಅಷ್ಟೇ. ಕೊಳವೆ ಒಳಗೆ ಹೋದ ಕೂಡಲೇ ನಾಳ ಹಿಡಿದುಕೊಳ್ಳಬಾರದು ಅಂತ ಒಂದು ಔಷಧಿ ಬಿಡ್ತಾರೆ. ಆಗ ತೋಳಿಡೀ ಬೆಚ್ಚಗೆ ಉರಿದ ಹಾಗಾಗ್ತದೆ, ಒಂದು ನಿಮಿಷದಲ್ಲಿ ಹೋಗ್ತದೆ. ಇದನ್ನು ಮೊದಲೇ ಹೇಳಿದ್ರೆ ಮನೆಯವರು ಹೆದರುವುದಿಲ್ಲ.

ಹನ್ನೊಂದೂವರೆಗೆ ಹೊರಗೆ ಬಂದರು. ಕೊಳವೆಯನ್ನು ಅಲ್ಲೇ ಟೇಬಲ್ ಮೇಲೇ ತೆಗೆದಾಗಿತ್ತು. ಹೆಪಾರಿನ್ ಮೈಯಲ್ಲಿ ಇದ್ರೂ ತೊಂದರೆ ಇಲ್ಲ, ಮೂಳೆಯ ಮೇಲೆ ಒತ್ತಿದ್ರೆ ನಿಲ್ತದೆ. ಮಣಿಕಟ್ಟಿಗೆ ವಾಚಿನ ಹಾಗೆ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ, ಅದರೊಳಗೆ ಸಿರಿಂಜಿನಿಂದ ಗಾಳಿ ತುಂಬಿದ್ದರು. ಪಟ್ಟಿಯ ಮೂಲಕ ಗಾಯ ಕಾಣ್ತದೆ. ಕೈಯನ್ನು ದಿಂಬಿನ ಮೇಲೆ ಇಟ್ಟು ಎದ್ದು ಕೂತರು. ಒಂದು ಗಂಟೆಗೆ ಅವರೇ ನಡೆದು ಬಾತ್‌ರೂಮಿಗೆ ಹೋಗಿ ಬಂದು, ಎಡಗೈಯಲ್ಲಿ ಚಮಚ ಹಿಡಿದು ಉಪ್ಪಿಟ್ಟು ತಿಂದರು. ಬಾವ ನೋಡ್ಲಿಕ್ಕೆ ಬಂದವರು "ಇಂವಂಗೆ ಮಾಡ್ದೊನೋ ಇಲ್ಲೆನೋ?" ಅಂತ ನನ್ನನ್ನೇ ಕೇಳಿದರು!

ಪಟ್ಟಿ ಬಿಚ್ಚುವುದರಲ್ಲೇ ಜಾಣತನ ಇರುವುದು. ತುಂಬಾ ಬಿಗಿಯಾಗಿ, ತುಂಬಾ ಹೊತ್ತು ಕಟ್ಟಿಟ್ರೆ ರಕ್ತ ಏನೋ ನಿಲ್ತದೆ, ಆದ್ರೆ ನಾಳದ ಒಳಗೂ ಹರಿವು ನಿಂತು ಅಲ್ಲೇ ಹೆಪ್ಪುಗಟ್ಟಿ ಶಾಶ್ವತವಾಗಿ ಮುಚ್ಚಿ ಹೋಗಬಹುದು. ಸಡಿಲ ಮಾಡಿದ್ರೆ ಸೋರ್ತದೆ. ಹಾಗಾಗಿ ಗಾಯದಿಂದ ರಕ್ತ ಬರದ, ಆದ್ರೆ ನಾಳದೊಳಗೆ ಹರಿಯುವ ಅಷ್ಟೇ ಒತ್ತಡ ಇಡ್ತಾರೆ. ನಮ್ಮವರ ಹೆಬ್ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಹಾಕಿ, ಕಿರುಬೆರಳಿನ ಕಡೆಯ ನಾಳವನ್ನು ನರ್ಸ್ ಬೆರಳಿನಿಂದ ಒತ್ತಿ ಹಿಡಿದಳು. ಆಗಲೂ ಮೆಷಿನಿನಲ್ಲಿ ಅಲೆ ಬರ್ತಾ ಇದ್ರೆ ತೂತು ಮಾಡಿದ ನಾಳ ತೆರೆದಿದೆ ಅಂತ ಅರ್ಥ. ಒಂದೂವರೆಗೆ ಮೂರು ಎಂ.ಎಲ್. ಗಾಳಿ ತೆಗೆದಳು. ಹದಿನೈದು ನಿಮಿಷ ಬಿಟ್ಟು ಮತ್ತೆ ಮೂರು ತೆಗೆದಾಗ ಒಂದು ಹನಿ ರಕ್ತ ಇಣುಕಿತು. ಗಾಬರಿ ಏನಿಲ್ಲ, ಎರಡು ಎಂ.ಎಲ್. ವಾಪಸ್ ತುಂಬಿ ಅರ್ಧ ಗಂಟೆ ಕಾದಳು. ನಾಲ್ಕು ಗಂಟೆಗೆ ಪಟ್ಟಿ ಬಿಚ್ಚಿ ಸಣ್ಣ ಪ್ಲಾಸ್ಟರ್ ಹಚ್ಚಿದಳು. ಮಾರನೇ ದಿನ ಮನೆ.

ನಾಳ ಮುಚ್ಚಿ ಹೋಗುವುದು ಕೈದಾರಿಯ ನಿಜವಾದ ಕೊರತೆ. ನೂರರಲ್ಲಿ ಕೆಲವರಿಗೆ ಆಗ್ತದೆ. ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ, ಇನ್ನೊಂದು ನಾಳ ಕೆಲಸ ಮಾಡ್ತದೆ. ಆದ್ರೆ ಮುಂದೆ ಅದೇ ಕೈಯಿಂದ ಮತ್ತೆ ಹೋಗ್ಲಿಕ್ಕೆ ಆಗುವುದಿಲ್ಲ. ಕಿಡ್ನಿ ತೊಂದರೆ ಇದ್ದು ಡಯಾಲಿಸಿಸ್ ಮಾಡಿಸುವವರಿಗೆ, ಅಥವಾ ಮುಂದೆ ಬೇಕಾಗಬಹುದು ಅಂತ ಡಾಕ್ಟರು ಹೇಳಿದವರಿಗೆ, ಕೈಯ ನಾಳ ಬಂಗಾರದ ಹಾಗೆ. ಫಿಸ್ಟುಲಾ ಮಾಡ್ಲಿಕ್ಕೆ ಅದೇ ಬೇಕು. ಹಾಗಿರುವವರು ಆಂಜಿಯೋಗ್ರಾಂಗೆ ಹೋದಾಗ ಕಿಡ್ನಿ ವಿಷಯ ಮೊದಲು ಬಾಯಿಬಿಟ್ಟು ಹೇಳ್ಬೇಕು. ಅವರಿಗೆ ಕಾಲಿನ ದಾರಿ ಹಿಡಿದ್ರೆ ಅದು ಹಳೇ ಪದ್ಧತಿ ಅಂತಲ್ಲ, ಕೈ ಉಳಿಸ್ಲಿಕ್ಕೆ.

ನಾದಿನಿಗೆ ಆದದ್ದು ಬೇರೆ. ಅವಳಿಗೆ 58, ಸಣ್ಣ ಮೈ, ಸಪೂರ ಮಣಿಕಟ್ಟು. ಹೋದ ವರ್ಷ ಆಂಜಿಯೋಗ್ರಾಂ ಅಂತ ಹೋದಾಗ ಮೊದಲು ಶುರುವಾದದ್ದು ಬಳೆಯ ಗಲಾಟೆ. ಮದುವೆಯಲ್ಲಿ ಹಾಕಿದ ಎರಡು ಚಿನ್ನದ ಬಳೆ ಕೈಯಿಂದ ಇಳಿಯುವುದಿಲ್ಲ. ಸೋಪು, ಎಣ್ಣೆ, ಪ್ಲಾಸ್ಟಿಕ್ ಕವರ್ ಎಲ್ಲಾ ಆಗಿ ಅರ್ಧ ಗಂಟೆ ತಿಕ್ಕಿ ತೆಗೆದಾಗ ಕೈ ಕೆಂಪಾಗಿತ್ತು. ದಯವಿಟ್ಟು ಹಿಂದಿನ ದಿನ ಮನೆಯಲ್ಲೇ ತೆಗೆದಿಡಿ, ಎರಡೂ ಕೈಯದ್ದು, ಯಾಕಂದ್ರೆ ಬಲಗೈ ಆಗದಿದ್ರೆ ಎಡಗೈ ನೋಡ್ತಾರೆ. ಉಗುರಿನ ಬಣ್ಣವನ್ನೂ ತೆಗೀರಿ, ಆ ಕ್ಲಿಪ್ ಸರಿ ಓದುವುದಿಲ್ಲ.

ಒಳಗೆ ಹೋದ ಮೇಲೆ ಕೊಳವೆ ಹೋಯ್ತು, ಆದ್ರೆ ಮೇಲೆ ಹೋಗುವ ತಂತಿಯನ್ನು ನಾಳ ಹಿಡಿದುಕೊಂಡಿತು. ಹೆದರಿಕೆಗೂ ಹಾಗೆ ಹಿಡೀತದಂತೆ, ಹೆಂಗಸರಲ್ಲಿ ನಾಳ ಸಣ್ಣದಾದ್ದರಿಂದ ಹೆಚ್ಚು. ತೋಳು ಹಿಂಡಿದ ಹಾಗೆ ನೋವು. ಔಷಧಿ ಬಿಟ್ಟು, ನಿದ್ದೆಯ ಹಾಗಿನ ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷ ಕಾದರು. ಆಗ್ಲಿಲ್ಲ. ಎಳೆದಾಡಿದ್ರೆ ನಾಳ ಹರಿಯಬಹುದು, ಹಾಗೆ ಡಾಕ್ಟರು ಬಿಟ್ಟು ತೊಡೆಸಂದಿನಿಂದ ಮಾಡಿದರು. ಹೊರಗೆ ಕೂತ ನಮಗೆ ಮೊದಲು ಕೈಯೆಂದು ಹೇಳಿ ಮತ್ತೆ ಕಾಲಲ್ಲಿ ಮಾಡಿದ್ದಾರೆ ಅಂತ ಕೇಳಿದಾಗ ಏನೋ ಕೆಟ್ಟಿದೆ ಅಂತ ಎದೆ ಧಸಕ್ ಅಂದಿತು. ಕೆಟ್ಟದ್ದು ಏನಿಲ್ಲ. ಅದಕ್ಕೇ ಎರಡೂ ಕಡೆ ಮೊದಲೇ ಶೇವ್ ಮಾಡಿ ಸಿದ್ಧ ಮಾಡುವುದು. ಕೈಯಿಂದ ಅಂತ ಹೇಳಿ ಅಲ್ಲಿ ಯಾಕೆ ಕೂದಲು ತೆಗೀತಾರೆ ಅಂತ ನಾಚಿಕೆಯಲ್ಲಿ ಜಗಳ ಆಡಬೇಡಿ. ಹೆಣ್ಣು ನರ್ಸೇ ಮಾಡ್ಲಿ ಅಂತ ಕೇಳಬಹುದು, ಕೇಳಿದ್ರೆ ಹೆಚ್ಚಿನ ಕಡೆ ಒಪ್ತಾರೆ.

ನಾದಿನಿಗೆ ಬರೀ ಆಂಜಿಯೋಗ್ರಾಂ ಆದ್ದರಿಂದ ಕೊಳವೆ ಬೇಗ ತೆಗೆದರು, ಆರು ಗಂಟೆ ಮಲಗಿ ಎದ್ದಳು. ಬಾವನ ರಾತ್ರಿ ನೆನಪಿದ್ದ ಅಕ್ಕ ಪಕ್ಕದಲ್ಲಿ ಕೂತು ಅರ್ಧ ಗಂಟೆಗೊಮ್ಮೆ ಕೇಳುತ್ತಿದ್ದರು, "ಬೆನ್ನು ನೋವುಟ್ಟಾ? ಬೆವರು ಉಟ್ಟಾ?" ಅಂತ. ಅವಳು ಕೆಮ್ಮು ಬಂದಾಗೆಲ್ಲಾ ಗಾಯದ ಮೇಲೆ ಅಂಗೈ ಒತ್ತಿ ಕೆಮ್ಮಿದಳು. ಏನೂ ಆಗ್ಲಿಲ್ಲ. ಕಾಲಿನದ್ದು ಹೆಚ್ಚಿನವರಿಗೆ ಹೀಗೇ ಸಲೀಸಾಗಿ ಮುಗೀತದೆ ಅಂತಲೂ ಹೇಳ್ಬೇಕು.

ನಮ್ಮ ಕೊಡಗಿನವರಿಗೆ ಕೈಯ ದಾರಿ ಇನ್ನೂ ಒಂದು ಕಾರಣಕ್ಕೆ ಮುಖ್ಯ. ಹಾರ್ಟ್ ಅಟ್ಯಾಕ್ ಆದ್ರೆ ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರ್, ಕುಶಾಲನಗರ, ಹುಣಸೂರು ದಾಟಬೇಕು. ಅಷ್ಟು ಹೊತ್ತು ಕಾಯಬಾರದು ಅಂತ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಕೊಟ್ಟು ಕಳಿಸುವ ವ್ಯವಸ್ಥೆ ಬಂದಿದೆ, ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಅದೇ. ಆ ಇಂಜೆಕ್ಷನ್ ಹೃದಯದ ಹೆಪ್ಪನ್ನು ಮಾತ್ರ ಅಲ್ಲ, ಎಲ್ಲಾ ಕಡೆಯದ್ದನ್ನೂ ಕರಗಿಸ್ತದೆ. ಅದರ ಮೇಲೆ ಆಸ್ಪಿರಿನ್, ಅದರ ಮೇಲೆ ಹೆಪಾರಿನ್. ಅಂಥ ರಕ್ತ ಇರುವವರಿಗೆ ತೊಡೆಸಂದಿನಲ್ಲಿ ತೂತು ಮಾಡುವುದಕ್ಕಿಂತ ಒತ್ತಿ ಹಿಡಿಯಬಹುದಾದ ಮಣಿಕಟ್ಟಿನಲ್ಲಿ ಮಾಡಿದ್ರೆ ಒಳ್ಳೇದು. ಇಂಜೆಕ್ಷನ್ ಕೊಟ್ಟ ಚೀಟಿ, ಕೊಟ್ಟ ಗಂಟೆ, ಇವೆರಡು ಮೈಸೂರಿನ ಡಾಕ್ಟರ ಕೈಗೆ ತಪ್ಪದೆ ಸೇರಬೇಕು. ಇನ್ನು ಬಿ.ಪಿ. ಪಾತಾಳಕ್ಕೆ ಇಳಿದು ಕೈಯಲ್ಲಿ ನಾಡಿಯೇ ಸಿಗದಿದ್ರೆ, ದೊಡ್ಡ ಉಪಕರಣ ಒಳಗೆ ಕಳಿಸಬೇಕಿದ್ರೆ ಡಾಕ್ಟರು ಕಾಲಿಗೇ ಹೋಗ್ತಾರೆ. ಆಗ ಕೈ ಬೇಕು ಅಂತ ನಾವು ಹಟ ಮಾಡುವ ಹೊತ್ತಲ್ಲ.

ಮನೆಗೆ ಬಂದ ಮೇಲಿನ ಕೆಲಸ ನಮ್ಮದು. ಕೈಯಲ್ಲಿ ಮಾಡಿದ್ರೆ ಒಂದೆರಡು ದಿನ ಆ ಕೈಯಿಂದ ಬಿಂದಿಗೆ ಎತ್ತುವುದು, ತೆಂಗಿನಕಾಯಿ ತುರಿಯುವುದು, ಬಟ್ಟೆ ಹಿಂಡುವುದು, ಗಾಡಿ ಓಡಿಸುವುದು ಬೇಡ. ಮಣಿಕಟ್ಟು ತಿರುಚುವ ಯಾವ ಕೆಲಸವೂ ಬೇಡ. ಪಾತ್ರೆ ತೊಳೆಯುವ ನೀರಿನಲ್ಲಿ ಗಾಯ ನೆನೆಸಬಾರದು. ಕಾಲಿನದ್ದಾದ್ರೆ ಐದಾರು ದಿನದಿಂದ ಒಂದು ವಾರ, ಡಾಕ್ಟರು ಹೇಳಿದಷ್ಟು, ಏರು ಹತ್ತುವುದು, ಭಾರ ಎತ್ತುವುದು, ಕುಕ್ಕರಗಾಲಲ್ಲಿ ಕೂರುವುದು ಬೇಡ. ನಮ್ಮಲ್ಲಿ ಮನೆಯಿಂದ ರಸ್ತೆಗೆ ಹೋಗ್ಲಿಕ್ಕೇ ಏರು ಇರ್ತದೆ, ಕೆಲವು ಮನೆಯಲ್ಲಿ ಕುಕ್ಕರಗಾಲಿನ ಕಕ್ಕಸು. ಅಂಥವರು ಡಿಸ್ಚಾರ್ಜಿಗೆ ಮೊದಲೇ ಕುರ್ಚಿಯ ಕಮೋಡ್ ತಂದಿಟ್ಟುಕೊಳ್ಳಿ.

ಮಣಿಕಟ್ಟಿನಿಂದ ಮನೆಯಲ್ಲಿ ರಕ್ತ ಚಿಮ್ಮಿದ್ರೆ ಕೂತು, ಗಾಯದ ಮೇಲೆ ಇನ್ನೊಂದು ಕೈಯ ಬೆರಳಲ್ಲಿ ಗಟ್ಟಿ ಒತ್ತಬೇಕು, ಹತ್ತು ನಿಮಿಷ, ನಡುವೆ ಎತ್ತಿ ನೋಡಬಾರದು. ಅರಿಶಿನ, ಕಾಫಿಪುಡಿ ಯಾವುದೂ ಬೇಡ. ನಿಲ್ಲದಿದ್ರೆ ಒತ್ತಿಕೊಂಡೇ ಆಸ್ಪತ್ರೆಗೆ. ಮುಂದೋಳು ಊದಿ ಕಲ್ಲಿನ ಹಾಗೆ ಗಟ್ಟಿಯಾಗಿ ಬೆರಳು ಜೋಮು ಹಿಡಿದ್ರೆ, ಕೈ ತಣ್ಣಗಾಗಿ ಬಿಳಚಿದ್ರೆ ಹೊರಗೆ ರಕ್ತ ಕಾಣದಿದ್ರೂ ಕೂಡಲೇ ಹೋಗಬೇಕು, ಬೆಳಗಿನ ತನಕ ಕಾಯಬಾರದು. ತೊಡೆಸಂದಿನಲ್ಲಿ ರಕ್ತ ಬಂದ್ರೆ ಅಥವಾ ನಿಂಬೆಹಣ್ಣಿನ ಹಾಗೆ ಗಂಟು ಎದ್ರೆ ಅಲ್ಲೇ ಮಲಗಿಸಿ, ಇನ್ನೊಬ್ಬರು ಜೋರಾಗಿ ಒತ್ತಿ ಹಿಡಿದು, 108ಕ್ಕೆ ಫೋನು. ಬೆನ್ನುನೋವು, ಬೆವರು, ತಲೆ ತಿರುಗುವುದು ಮೂರೂ ಸೇರಿದ್ರೂ ಹಾಗೇ.

ಬರೀ ನೀಲಿ ಕಲೆ ಬೇರೆ ವಿಷಯ. ನಮ್ಮವರ ಮುಂದೋಳು ಮೂರನೇ ದಿನ ನೇರಳೆಹಣ್ಣಿನ ಬಣ್ಣ ಆಯ್ತು, ಮೆತ್ತಗಿತ್ತು, ನೋವಿರಲಿಲ್ಲ. ಪಕ್ಕದ ಮನೆಯವರು "ರಕ್ತ ತೆಳು ಮಾಡುವ ಮಾತ್ರೆ ಎರಡು ದಿನ ನಿಲ್ಸಿ ನೋಡಿ" ಅಂದರು. ಹೊಸ ಸ್ಟೆಂಟ್ ಇರುವಾಗ ಆ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಿದ್ರೆ ಸ್ಟೆಂಟಿನ ಒಳಗೇ ಹೆಪ್ಪುಗಟ್ಟಿ ಮತ್ತೆ ಅಟ್ಯಾಕ್ ಆಗಬಹುದು. ತಂಗಿ ಮಗಳಿಗೆ ಫೋನು ಮಾಡಿದೆ, ಕಲೆಯ ಅಂಚಿಗೆ ಪೆನ್ನಿನಲ್ಲಿ ಗೆರೆ ಹಾಕಿ, ಗೆರೆ ದಾಟಿ ಊದ್ತದಾ ನೋಡಿ ಅಂದಳು. ದಾಟ್ಲಿಲ್ಲ. ಹತ್ತನೇ ದಿನಕ್ಕೆ ಹಳದಿಯಾಗಿ ಮಾಸಿತು. ಒಂದು ತಿಂಗಳಿಗೆ ತೋರಿಸ್ಲಿಕ್ಕೆ ಹೋದಾಗ ಮತ್ತೆ ಅದೇ ಕ್ಲಿಪ್ ಹಾಕಿ ನೋಡಿದರು, ನಾಳ ತೆರೆದೇ ಇದೆ.